ಮಾತ್ರೆ ಏರಿದರೂ ಇಳಿಯದ ಟಿಎಸ್‌ಎಚ್

ಥೈರಾಯ್ಡ್ ಗ್ರಂಥಿ ಪೂರ್ತಿ ಕೈಕೊಟ್ಟ, 60 ಕೆ.ಜಿ. ತೂಕದ ಮಹಿಳೆಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಇಂಥವರಿಗೆ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಬೇಕು. ಅಂದರೆ 100 ಮೈಕ್ರೋಗ್ರಾಮಿನ ಒಂದು ಮಾತ್ರೆ ಸಾಕು. ಆದರೆ ಅವರ ಚೀಟಿಯಲ್ಲಿ 100 ಹೋಗಿ 150 ಆಗಿದೆ, 150 ಹೋಗಿ 200 ಆಗಿದೆ. ಟಿಎಸ್‌ಎಚ್ ಮಾತ್ರ 38ರಲ್ಲೇ ನಿಂತಿದೆ. ಸುಸ್ತು, ಮಲಬದ್ಧತೆ, ಮುಖದ ಊತ ಯಾವುದೂ ಕಡಿಮೆಯಾಗಿಲ್ಲ. ಇಲ್ಲಿ 250ಕ್ಕೆ ಏರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಔಷಧ ರಕ್ತಕ್ಕೆ ಸೇರುತ್ತಿದೆಯೇ?

ನುಂಗಿದ ಮಾತ್ರೆ ಮೊದಲು ಜಠರದ ಆಮ್ಲದಲ್ಲಿ ಕರಗಬೇಕು, ಆಮೇಲೆ ಸಣ್ಣ ಕರುಳು ಅದನ್ನು ಹೀರಿಕೊಳ್ಳಬೇಕು. ಎಲ್ಲ ಸರಿಯಿದ್ದರೂ ರಕ್ತಕ್ಕೆ ಸೇರುವುದು ನೂರಕ್ಕೆ 60ರಿಂದ 80 ಪಾಲು ಮಾತ್ರ. ಆದ್ದರಿಂದ ವಿಚಾರಣೆ ಅಡುಗೆಮನೆಯಿಂದಲೇ ಶುರುವಾಗಬೇಕು. ಮಾತ್ರೆ ಬಾಯಿಗೆ ಹಾಕಿಕೊಂಡ ಐದೇ ನಿಮಿಷಕ್ಕೆ ಫಿಲ್ಟರ್ ಕಾಫಿ ಕುಡಿಯುತ್ತಾರೆಯೇ? ತಿಂಡಿಯ ಜೊತೆ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದೆಯೇ? ಕಾಫಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣಕ್ಕೆ ನಾಲ್ಕು ಗಂಟೆಯ ಅಂತರ ಬೇಕು, ಏಕೆಂದರೆ ಅವು ಹೊಟ್ಟೆಯಲ್ಲೇ ಔಷಧಕ್ಕೆ ಅಂಟಿಕೊಂಡು ಅದನ್ನು ಮಲದೊಂದಿಗೆ ಹೊರಗೆ ಸಾಗಿಸುತ್ತವೆ.

ಬೆಳಗಿನ ಗಡಿಬಿಡಿಯಲ್ಲಿ ಈ ಅಂತರ ಕಾಯಲಾಗದವರಿಗೆ ಮಲಗುವ ಹೊತ್ತು ಒಳ್ಳೆಯ ದಾರಿ. 2010ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯರು ಅದೇ ರೋಗಿಗಳಿಗೆ ಕೆಲವು ತಿಂಗಳು ಬೆಳಿಗ್ಗೆ, ಕೆಲವು ತಿಂಗಳು ರಾತ್ರಿ ಮಾತ್ರೆ ಕೊಟ್ಟು ನೋಡಿದರು. ರಾತ್ರಿಯ ಅವಧಿಯಲ್ಲಿ ಟಿಎಸ್‌ಎಚ್ ಇನ್ನಷ್ಟು ಇಳಿದಿತ್ತು. ಆದರೆ ಊಟವಾಗಿ ಮೂರು ಗಂಟೆ ಕಳೆದಿರಬೇಕು. ಹತ್ತಕ್ಕೆ ಊಟ ಮಾಡಿ ಹತ್ತೂವರೆಗೆ ಮಲಗುವ ಮನೆಯಲ್ಲಿ ಇದರಿಂದ ಪ್ರಯೋಜನವಿಲ್ಲ.

ಇಷ್ಟಾದರೂ ಟಿಎಸ್‌ಎಚ್ ಕದಲದಿದ್ದರೆ ಹೀರಿಕೆಯ ಪರೀಕ್ಷೆ ಇದೆ. ಹೃದಯ ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಆಸ್ಪತ್ರೆಯಲ್ಲಿ ಸಿಬ್ಬಂದಿಯ ಕಣ್ಣೆದುರೇ ಖಾಲಿ ಹೊಟ್ಟೆಗೆ ಒಮ್ಮೆಲೇ 1000 ಮೈಕ್ರೋಗ್ರಾಂ ನುಂಗಿಸುತ್ತಾರೆ. ನುಂಗುವ ಮುಂಚೆ ಒಮ್ಮೆ, ಆಮೇಲೆ ಕೆಲವು ಗಂಟೆಗಳ ಕಾಲ ಬಿಟ್ಟುಬಿಟ್ಟು ರಕ್ತ ತೆಗೆದು ಟಿ4 ಅಳೆಯುತ್ತಾರೆ.

ಟಿ4 ಚೆನ್ನಾಗಿ ಏರಿದರೆ ಕರುಳಿನಲ್ಲಿ ತೊಂದರೆ ಇಲ್ಲ, ಮನೆಯಲ್ಲಿ ಮಾತ್ರೆ ತಪ್ಪುತ್ತಿದೆ. ಇದಕ್ಕೊಂದು ಸುಳಿವು ಹಳೆಯ ವರದಿಯಲ್ಲೇ ಇರಬಹುದು. ಟಿಎಸ್‌ಎಚ್ ತೀರಾ ಹೆಚ್ಚು, ಆದರೆ ಟಿ4 ಸರಿಯಾಗಿಯೇ ಇದೆ ಎಂದರೆ ರಕ್ತಪರೀಕ್ಷೆಗೆ ನಾಲ್ಕು ದಿನ ಇರುವಾಗಷ್ಟೇ ಮಾತ್ರೆ ಶುರುಮಾಡಿರುವ ಸಾಧ್ಯತೆ ಇದೆ. ಟಿ4 ಬೇಗ ಏರುತ್ತದೆ, ಟಿಎಸ್‌ಎಚ್ ಇಳಿಯಲು ವಾರಗಳೇ ಬೇಕು. ಇಂಥವರನ್ನು ಬೈದು ಫಲವಿಲ್ಲ. ಜೀವನವಿಡೀ ದಿನವೂ ಒಂದು ಮಾತ್ರೆ ಎಂಬುದು ಸುಲಭದ ಮಾತಲ್ಲ. ಲೆವೊಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಹಿಡಿಯುವುದರಿಂದ ವಾರದ ಡೋಸನ್ನು ಒಂದೇ ದಿನ ಕೊಡುವ ಪದ್ಧತಿಯೂ ಇದೆ. ನಮ್ಮ ಉದಾಹರಣೆಯ ಮಹಿಳೆಗಾದರೆ, 100ರ ಏಳು ಮಾತ್ರೆ ಪ್ರತಿ ಭಾನುವಾರ, ಮಗಳ ಇಲ್ಲವೇ ನರ್ಸ್ ಎದುರು. ಲೆಕ್ಕ ಹಾಕಬೇಕಾದದ್ದು ಮೈಗೆ ಬೇಕಾದ 100ರಿಂದ, ಚೀಟಿಯಲ್ಲಿರುವ 200ರಿಂದಲ್ಲ. ಹೃದ್ರೋಗಿಗಳಿಗೆ, ವಯಸ್ಸಾದವರಿಗೆ, ಗರ್ಭಿಣಿಯರಿಗೆ ಇದು ಹೊಂದುವುದಿಲ್ಲ. ವೈದ್ಯರು ಹೇಳದೆ ಯಾರೂ ಮಾಡಿಕೊಳ್ಳಬಾರದು.

ಟಿ4 ಏರದಿದ್ದರೆ ಕಾರಣ ಹೊಟ್ಟೆಯಲ್ಲಿದೆ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ಜಠರದ ಒಳಪದರ ಸವೆಯುವ ಗ್ಯಾಸ್ಟ್ರೈಟಿಸ್, ಎಚ್. ಪೈಲೊರಿ ಸೋಂಕು ಇವೆಯೇ ಎಂದು ಹುಡುಕಬೇಕು. ವರ್ಷಗಟ್ಟಲೆ ನುಂಗುವ ಗ್ಯಾಸ್ ಮಾತ್ರೆಯೂ ಆಮ್ಲವನ್ನು ತಗ್ಗಿಸಿ ಅಡ್ಡಿ ಮಾಡುತ್ತದೆ. ಆಮ್ಲದ ಕೊರತೆಯೇ ಕಾರಣವಾದಾಗ ದ್ರವರೂಪದ ಔಷಧ ಮತ್ತು ಸಾಫ್ಟ್‌ಜೆಲ್ ನಿಜವಾಗಿ ನೆರವಾಗುತ್ತವೆ. ದ್ರವದಲ್ಲಿ ಔಷಧ ಕರಗಿಯೇ ಇರುತ್ತದೆ, ಸಾಫ್ಟ್‌ಜೆಲ್‌ನ ಮೆತ್ತನೆಯ ಕವಚದೊಳಗೂ ಅದು ಗ್ಲಿಸರಿನ್‌ನಲ್ಲಿ ಕರಗಿರುತ್ತದೆ. ಹಾಗಾಗಿ ಕರಗಿಸುವ ಕೆಲಸ ಜಠರಕ್ಕೆ ಉಳಿಯುವುದಿಲ್ಲ. ಆದರೆ ಇವು ದುಬಾರಿ, ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವಂಥವಲ್ಲ. ಮಾತ್ರೆ ಸರಿಯಾಗಿ ಹೀರಿಕೆಯಾಗುವವರು ಇವಕ್ಕೆ ದುಡ್ಡು ಸುರಿಯಬೇಕಿಲ್ಲ.

ದಾರಿ ಯಾವುದೇ ಆಗಲಿ, ಅಡ್ಡಿ ಸರಿದ ಮೇಲೆ ಹಳೆಯ 200 ಮೈಕ್ರೋಗ್ರಾಮೇ ಅತಿಯಾಗುತ್ತದೆ. ಎದೆ ಡವಡವ, ಕೈನಡುಕ, ನಿದ್ದೆಗೇಡು, ಕಾರಣವಿಲ್ಲದೆ ತೂಕ ಇಳಿಯುವುದು ಅದರ ಲಕ್ಷಣಗಳು. ಹೀಗೇ ಬಿಟ್ಟರೆ ಮೂಳೆ ಸವೆಯುತ್ತದೆ, ಹೃದಯದ ಬಡಿತದ ಲಯ ತಪ್ಪಬಹುದು. ಆದ್ದರಿಂದ ಹೊತ್ತು ಬದಲಿಸಿದರೂ, ದ್ರವಕ್ಕೆ ತಿರುಗಿದರೂ, ಸೀಲಿಯಾಕ್‌ಗೆ ಪಥ್ಯ ಹಿಡಿದರೂ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ, ಡೋಸ್ ಇಳಿಸಬೇಕೇ ಎಂದು ವೈದ್ಯರನ್ನು ಕೇಳಬೇಕು.