ಒಂಟೆ ಹೊರೆ ಉಪ್ಪಿಗೆ ಝಕಾತ್ ನಿಸಾಬಿನಷ್ಟು ಚಿನ್ನ!

ಇಬ್ನ್ ಬತೂತಾ ಎಂದ ಕೂಡಲೇ ನಮ್ಮ ಬ್ಯಾರಿಗಳಿಗೆ ನೆನಪಾಗುವುದು ಅವರು ಬರೆದ 'ಮಂಜರೂರು', ಅಂದರೆ ನಮ್ಮ ಮಂಗಳೂರು. ಅಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು, ಖಾಝಿಯವರು ದರ್ಸ್ ನಡೆಸುತ್ತಿದ್ದರು ಎಂದೆಲ್ಲ ಅವರು ಬರೆದದ್ದನ್ನು ನಾವು ಹೆಮ್ಮೆಯಿಂದ ಹೇಳ್ತೇವೆ. ಆದರೆ ಅದೇ ಮನುಷ್ಯ ಹತ್ತು ವರ್ಷ ಕಳೆದು, 1352ರಲ್ಲಿ, ಸಹಾರಾ ಮರುಭೂಮಿ ದಾಟಿ ಪಶ್ಚಿಮ ಆಫ್ರಿಕಾದ ಮಾಲಿ ರಾಜ್ಯಕ್ಕೆ ಹೋದದ್ದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಆ ರಾಜ್ಯ ಹೇಗೆ ಶ್ರೀಮಂತವಾಯಿತು ಎಂಬುದಕ್ಕೆ ಅವರ ಬರಹದಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ.

ಮೊರೊಕ್ಕೋದ ಸಿಜಿಲ್ಮಾಸ ಪಟ್ಟಣದಿಂದ ಖಾಫಿಲಾ ಹೊರಟು 25 ದಿನಕ್ಕೆ ತಗಾಝಾ ಎಂಬ ಊರು ಮುಟ್ಟಿತು. ಊರು ಅಂದರೆ ಏನು? ಮರವಿಲ್ಲ, ಬೆಳೆಯಿಲ್ಲ, ಕುಡಿಯುವ ನೀರೂ ಉಪ್ಪುಪ್ಪು. ಮನೆ, ಮಸೀದಿ ಎರಡೂ ಉಪ್ಪಿನ ಕಲ್ಲಿನಿಂದ ಕಟ್ಟಿದ್ದು, ಮೇಲೆ ಒಂಟೆ ಚರ್ಮದ ಮಾಡು. ನೆಲ ಅಗೆದರೆ ದಪ್ಪ ಚಪ್ಪಡಿಗಳಾಗಿ ಉಪ್ಪು ಸಿಗುತ್ತಿತ್ತು. ಅಗೆಯುತ್ತಿದ್ದವರು ಮಸ್ಸೂಫಾ ಕಬೀಲೆಯವರ ಗುಲಾಮರು. ಅವರು ತಿನ್ನುವ ಖರ್ಜೂರ ಉತ್ತರದಿಂದ ಬರಬೇಕು, ಸಜ್ಜೆಯಂಥ ಧಾನ್ಯ ದಕ್ಷಿಣದಿಂದ ಬರಬೇಕು. ಖಾಫಿಲಾ ತಡವಾದರೆ ಹೊಟ್ಟೆಗಿಲ್ಲ. ಈ ಸಂಪತ್ತಿನ ಕಥೆ ಹೇಳುವಾಗ ಅವರನ್ನು ಬಿಟ್ಟು ಹೇಳುವುದು ನ್ಯಾಯವಲ್ಲ. ಇಷ್ಟು ದರಿದ್ರ ಊರಲ್ಲಿ ಕ್ವಿಂಟಾಲುಗಟ್ಟಲೆ ಚಿನ್ನದ ವ್ಯವಹಾರ ನಡೆಯುತ್ತಿತ್ತು ಎಂದು ಇಬ್ನ್ ಬತೂತಾ ಬರೆಯುತ್ತಾರೆ.

ಈಗ ಲೆಕ್ಕ ನೋಡಿ. ಒಂದು ಒಂಟೆಗೆ ಎರಡು ಚಪ್ಪಡಿ ಹೊರೆ. ಮರುಭೂಮಿ ದಾಟಿದ ಮೇಲೆ ಸಿಗುವ ಮೊದಲ ಪಟ್ಟಣ ವಲಾತ. ಅಲ್ಲಿ ಆ ಹೊರೆಗೆ 8ರಿಂದ 10 ಮಿಸ್ಖಾಲ್ ಚಿನ್ನ. ಅಲ್ಲಿಂದ ಸುಮಾರು 24 ದಿನದ ದಾರಿ ಮಾಲಿಯ ರಾಜಧಾನಿಗೆ. ಅಲ್ಲಿ ಅದೇ ಹೊರೆಗೆ 20ರಿಂದ 30, ಕೆಲವೊಮ್ಮೆ 40 ಮಿಸ್ಖಾಲ್! ಝಕಾತಿನ ಪಾಠ ಕಲಿತ ಮಕ್ಕಳಿಗೆ ಗೊತ್ತು, ಚಿನ್ನದ ನಿಸಾಬ್ 20 ಮಿಸ್ಖಾಲ್, ಸುಮಾರು 85 ಗ್ರಾಂ. ಅಂದರೆ ಒಂದೇ ಒಂಟೆಯ ಉಪ್ಪು ಮಾರಿದವನ ಕೈಗೆ ನಿಸಾಬಿನಷ್ಟು ಚಿನ್ನ ಬರುತ್ತಿತ್ತು. ಖರ್ಚು ಕಳೆಯಬೇಕು, ಅದು ಬೇರೆ ಮಾತು.

ಉಪ್ಪಿಗೆ ಇಷ್ಟು ಬೆಲೆ ಯಾಕೆ? ಇಲ್ಲಿ ವಿದ್ಯಾಗಿರಿಯ ಏಪ್ರಿಲ್ ಬಿಸಿಲಲ್ಲಿ ಬೆವರಿದವರಿಗೆ ಅರ್ಧ ಉತ್ತರ ಗೊತ್ತು. ಮೈಯ ಉಪ್ಪೆಲ್ಲ ಬೆವರಲ್ಲಿ ಹೋಗುತ್ತದೆ, ದನಕರುಗಳಿಗೂ ಉಪ್ಪು ಬೇಕು. ನಮಗೆ ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದೆ. ಅವರಿಗೆ ಸಮುದ್ರ ಬಹಳ ದೂರ. ಚಿನ್ನವಾದರೋ ಸೆನೆಗಲ್ ಮತ್ತು ನೈಜರ್ ನದಿಗಳ ಮೇಲ್ಭಾಗದ ಮಣ್ಣು ತೊಳೆದರೆ ಸಿಗುತ್ತಿತ್ತು. ಹೀಗಾಗಿ ಉಪ್ಪನ್ನೇ ತುಂಡು ಮಾಡಿ ದುಡ್ಡಿನ ಹಾಗೆ ಬಳಸುತ್ತಿದ್ದರು.

ಹಾಗಾದರೆ ರಾಜರಿಗೆ ಏನು ಸಿಕ್ಕಿತು? ಅವರು ವ್ಯಾಪಾರಿಗಳಲ್ಲ, ದಾರಿಯ ಯಜಮಾನರು. ಮಾಲಿಗಿಂತ ಮೊದಲು ಅಲ್ಲಿ ದೊಡ್ಡದಾಗಿದ್ದ ಘಾನಾ ರಾಜ್ಯದ ಬಗ್ಗೆ ಸ್ಪೇನಿನ ಅಲ್-ಬಕ್ರಿ 1068ರಲ್ಲಿ ಬರೆದಿದ್ದಾರೆ. (ಈಗಿನ ಘಾನಾ ದೇಶ ಬೇರೆ, ಆ ರಾಜ್ಯದ ಜಾಗ ಬೇರೆ.) ಒಂದು ಕತ್ತೆ ಹೊರೆ ಉಪ್ಪು ಒಳಗೆ ಬಂದರೆ ರಾಜನಿಗೆ ಒಂದು ದೀನಾರ್, ಹೊರಗೆ ಹೋದರೆ ಎರಡು. ಇನ್ನೂ ಜಾಣತನದ ನಿಯಮ ಒಂದಿತ್ತು. ಗಣಿಯಲ್ಲಿ ಸಿಕ್ಕಿದ ಚಿನ್ನದ ಗಟ್ಟಿಗಳೆಲ್ಲ ರಾಜನಿಗೆ, ಪುಡಿ ಮಾತ್ರ ಜನರಿಗೆ. ಗಟ್ಟಿಗಳೂ ಪೇಟೆಗೆ ಬಂದರೆ ಚಿನ್ನಕ್ಕೆ ಬೆಲೆಯೇ ಉಳಿಯುತ್ತಿರಲಿಲ್ಲ.

ಆ ಭಯ ಸುಳ್ಳಲ್ಲ. 1324ರಲ್ಲಿ ಮಾಲಿಯ ಮನ್ಸಾ ಮೂಸಾ ಹಜ್ಜಿಗೆ ಹೋಗುವಾಗ ಕೈರೋದಲ್ಲಿ ಚಿನ್ನ ಹಂಚಿದ್ದೇ ಹಂಚಿದ್ದು. 25 ದಿರ್ಹಮಿಗೆ ಇಳಿಯದಿದ್ದ ಮಿಸ್ಖಾಲಿನ ದರ 22ಕ್ಕೂ ಕೆಳಗೆ ಹೋಯಿತು, ಹನ್ನೆರಡು ವರ್ಷವಾದರೂ ಮೇಲೇಳಲಿಲ್ಲ ಎಂದು ಅಲ್-ಉಮರಿ ಬರೆದಿದ್ದಾರೆ.

ಇಷ್ಟೆಲ್ಲ ನಿಂತದ್ದು ಒಬ್ಬ ಮನುಷ್ಯನ ಮೇಲೆ ಅಂದರೆ ನಂಬ್ತೀರಾ? ವಲಾತ ಹತ್ತಿರವಾಗುವಾಗ ಖಾಫಿಲಾದವರು 'ತಕ್ಷೀಫ್' ಎಂಬವನನ್ನು ಮುಂದೆ ಕಳಿಸುತ್ತಿದ್ದರು. ಅವನು ಒಬ್ಬನೇ ಹೋಗಿ ಕಾಗದ ಮುಟ್ಟಿಸಬೇಕು. ಆಮೇಲೆ ವಲಾತದವರು ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡಬೇಕು. ಅವನು ಮರಳಲ್ಲಿ ದಾರಿ ತಪ್ಪಿ ಸತ್ತರೆ ವಲಾತಕ್ಕೆ ಸುದ್ದಿಯೇ ಇಲ್ಲ, ಖಾಫಿಲಾದಲ್ಲಿ ಹೆಚ್ಚಿನವರು ಬಾಯಾರಿ ಮುಗಿದರು. ಇಬ್ನ್ ಬತೂತಾ ಜೊತೆಯವರು ಅವನಿಗೆ ಕೊಟ್ಟ ಕೂಲಿ 100 ಮಿಸ್ಖಾಲ್, ಅಂದರೆ 425 ಗ್ರಾಂ ಚಿನ್ನ. ಅವರ ದಾರಿ ತೋರುಗನಿಗೆ ಒಂದು ಕಣ್ಣು ಇರಲಿಲ್ಲ, ಇನ್ನೊಂದಕ್ಕೆ ರೋಗ. ಆದರೂ ಅವನಷ್ಟು ದಾರಿ ಬಲ್ಲವರು ಬೇರೆ ಇರಲಿಲ್ಲವಂತೆ. ಅದೇ ಪ್ರಯಾಣದಲ್ಲಿ ಸಂಬಂಧಿಯೊಡನೆ ಜಗಳವಾಡಿ ಹಿಂದುಳಿದ ಒಬ್ಬ ವ್ಯಾಪಾರಿ ಮತ್ತೆ ಸಿಗಲೇ ಇಲ್ಲ.

ತಗಾಝಾ ಈಗ ಪಾಳು. 16ನೇ ಶತಮಾನದ ಕೊನೆಗೆ ಮೊರೊಕ್ಕೋದವರ ದಾಳಿಯಿಂದ ಅದು ಬಿದ್ದ ಮೇಲೆ ಗಣಿ ದಕ್ಷಿಣದ ತೌದೆನ್ನಿಗೆ ಹೋಯಿತು. ಈ ಕಾಲದಲ್ಲೂ ಅಲ್ಲಿಂದ ಉಪ್ಪಿನ ಚಪ್ಪಡಿಗಳು ತಿಂಬಕ್ತುವಿನ ಪೇಟೆಗೆ ಬಂದಿವೆ, ಕೆಲವು ಲಾರಿಯಲ್ಲಿ, ಕೆಲವು ಒಂಟೆ ಬೆನ್ನ ಮೇಲೆ.