ಪತ್ರಕ್ಕೆ ಸಂಖ್ಯೆ ಬಿದ್ದ ಮೇಲೆ: ಆವಕ ವಹಿಯಿಂದ ಟಿಪ್ಪಣಿ ಹಾಳೆಯವರೆಗೆ

ಗ್ರಾಮ ಪಂಚಾಯತಿಯ ಮಾನ್ಯ ಸದಸ್ಯರ ಗಮನಕ್ಕೆ

ನಾನು ಹುನ್ನೂರಿನವಳು. ಪದವಿಯ ಕೊನೆಯ ವರ್ಷದಲ್ಲಿ ಜಿಲ್ಲೆಯ ಒಂದು ಇಲಾಖಾ ಕಚೇರಿಯಲ್ಲಿ ತರಬೇತಿ ಅಭ್ಯರ್ಥಿಯಾಗಿ ಕೆಲಸ ಮಾಡಿದೆನು. ಮೊದಲ ದಿನ ನನಗೆ ಒಪ್ಪಿಸಿದ್ದು ಆವಕ ವಹಿಯನ್ನು. ಬಂದ ಪತ್ರಗಳಿಗೆ ಮೊಹರು ಹಾಕಿ ಸಂಖ್ಯೆ ಬರೆಯುವುದು ಯಾರಾದರೂ ಮಾಡಬಹುದಾದ ಕೆಲಸವೆಂದು ಆಗ ಭಾವಿಸಿದ್ದೆನು. ಆದರೆ ಗ್ರಾಮದ ಬೇಡಿಕೆಯೊಂದು ಕಡತವಾಗುವುದೋ, ಕಪಾಟಿನಲ್ಲಿ ಉಳಿಯುವುದೋ ಎಂಬುದು ಬಹುಮಟ್ಟಿಗೆ ಆ ಮೇಜಿನ ಮೇಲೆಯೇ ನಿರ್ಧಾರವಾಗುತ್ತದೆ ಎಂಬುದು ಕೆಲವು ವಾರಗಳಲ್ಲಿ ಮನವರಿಕೆಯಾಯಿತು. ಪತ್ರವೊಂದು ಕಚೇರಿಯೊಳಗೆ ಸಾಗುವ ದಾರಿಯನ್ನು, ಅದು ಎಲ್ಲಿ ನಿಲ್ಲಬಹುದೆಂಬುದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಆವಕ ವಹಿ

ನಮ್ಮ ಭಾಗದಲ್ಲಿ ಬರುವ ಪತ್ರಗಳ ವಹಿಗೆ ಆವಕ, ಹೋಗುವ ಪತ್ರಗಳ ವಹಿಗೆ ಜಾವಕ ಎನ್ನುವ ರೂಢಿಯಿದೆ. ಇತರ ಜಿಲ್ಲೆಗಳಲ್ಲಿ ಇವುಗಳನ್ನೇ ಸ್ವೀಕೃತಿ ವಹಿ ಮತ್ತು ರವಾನೆ ವಹಿ ಎನ್ನುವುದುಂಟು. ಆವಕ ವಹಿಯಲ್ಲಿ ಸಾಮಾನ್ಯವಾಗಿ ಕ್ರಮ ಸಂಖ್ಯೆ, ಸ್ವೀಕರಿಸಿದ ದಿನಾಂಕ, ಪತ್ರದ ಸ್ವಂತ ಸಂಖ್ಯೆ ಮತ್ತು ದಿನಾಂಕ, ಯಾರಿಂದ ಬಂದಿದೆ, ವಿಷಯ, ಯಾವ ವಿಷಯ ನಿರ್ವಾಹಕರಿಗೆ ನೀಡಲಾಯಿತು, ವಿಲೇವಾರಿ ಏನಾಯಿತು ಎಂಬ ಅಂಕಣಗಳಿರುತ್ತವೆ. ಪತ್ರದ ಮೇಲೆ ಕಚೇರಿಯ ಮೊಹರು ಹಾಕಿ ಅದೇ ಕ್ರಮ ಸಂಖ್ಯೆಯನ್ನು ಬರೆಯಲಾಗುತ್ತದೆ. ಇ-ಆಫೀಸ್ ಬಳಸುವ ಕಚೇರಿಗಳಲ್ಲಿ ಪತ್ರವನ್ನು ಸ್ಕ್ಯಾನ್ ಮಾಡಿ ದಾಖಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ಗಣಕಯಂತ್ರವೇ ನೀಡುತ್ತದೆ. ಉಳಿದ ವಿವರಗಳನ್ನು ಅಲ್ಲಿಯೂ ಒಬ್ಬ ಸಿಬ್ಬಂದಿಯೇ ಪತ್ರ ಓದಿ ತುಂಬಬೇಕಾಗುತ್ತದೆ.

ಈ ಸಂಖ್ಯೆ ಬೀಳುವವರೆಗೆ ಕಚೇರಿಯ ದೃಷ್ಟಿಯಲ್ಲಿ ಪತ್ರವು ಬಂದೇ ಇರುವುದಿಲ್ಲ. ಅನೇಕ ಸದಸ್ಯರು ಮನವಿಯನ್ನು ಅಧಿಕಾರಿಗಳ ಕೈಗೇ ಕೊಡುತ್ತಾರೆ. ಅಧಿಕಾರಿಗಳು ಓದುತ್ತಾರೆ, ಮಾತನಾಡುತ್ತಾರೆ. ಬಳಿಕ ಪತ್ರವು ಮೇಜಿನ ಮೇಲಿನ ಇತರ ಕಾಗದಗಳ ನಡುವೆ ಸೇರಬಹುದು. ಅಧಿಕಾರಿಗಳ ಭೇಟಿ ಅಗತ್ಯವೇ ಆಗಿದ್ದರೆ ಮೊದಲು ಟಪಾಲು ಶಾಖೆಯಲ್ಲಿ ಮೊಹರು ಹಾಕಿಸಿಕೊಂಡು, ತಮ್ಮ ಪ್ರತಿಯ ಮೇಲೂ ಮೊಹರು, ಸಂಖ್ಯೆ ಮತ್ತು ದಿನಾಂಕ ಬರೆಯಿಸಿಕೊಂಡು, ಬಳಿಕ ಒಳಗೆ ಹೋಗುವುದು ಸೂಕ್ತ. ಸಂಖ್ಯೆಯ ಜೊತೆ ದಿನಾಂಕವೂ ಇರಬೇಕು. ವಹಿಯ ಕ್ರಮ ಸಂಖ್ಯೆಯು ಕೆಲವು ಕಚೇರಿಗಳಲ್ಲಿ ಜನವರಿಯಿಂದ, ಕೆಲವು ಕಚೇರಿಗಳಲ್ಲಿ ಏಪ್ರಿಲ್‌ನಿಂದ ಮತ್ತೆ ಒಂದರಿಂದ ಆರಂಭವಾಗುತ್ತದೆ. ದಿನಾಂಕವಿಲ್ಲದ ಸಂಖ್ಯೆಯಿಂದ ಯಾವ ವರ್ಷದ ವಹಿ ನೋಡಬೇಕೆಂಬುದು ತಿಳಿಯುವುದಿಲ್ಲ.

ಒಂದು ಪತ್ರ, ಎರಡು ಬೇಡಿಕೆ

ನನ್ನ ಕೈಯಿಂದಲೇ ಆದ ಒಂದು ಲೋಪವನ್ನು ಇಲ್ಲಿ ಹೇಳುವುದು ಅಗತ್ಯ. ಬೇಸಿಗೆಯ ಆರಂಭದಲ್ಲಿ ಒಂದು ಗ್ರಾಮ ಪಂಚಾಯತಿಯಿಂದ ಪತ್ರ ಬಂದಿತು. ವಿಷಯದ ಸಾಲಿನಲ್ಲಿ ‘ವಿವಿಧ ಬೇಡಿಕೆಗಳ ಕುರಿತು’ ಎಂದಷ್ಟೇ ಇತ್ತು. ಮೊದಲ ಪ್ಯಾರಾದಲ್ಲಿ ಕುಡಿಯುವ ನೀರಿನ ಕೊರತೆ, ಎರಡನೆಯ ಪುಟದ ಕೊನೆಯಲ್ಲಿ ಸೋರುತ್ತಿರುವ ಶಾಲಾ ಕೊಠಡಿಯ ದುರಸ್ತಿ. ನಾನು ಮೊದಲ ಪ್ಯಾರಾ ಓದಿ ವಹಿಯಲ್ಲಿ ‘ಕುಡಿಯುವ ನೀರು’ ಎಂದು ಬರೆದೆನು. ಪತ್ರವು ನೀರಿನ ವಿಷಯ ನಿರ್ವಾಹಕರಿಗೆ ಹೋಯಿತು, ಅವರು ನೀರಿನ ಭಾಗದ ಮೇಲೆ ಟಿಪ್ಪಣಿ ಬರೆದರು. ಶಾಲೆಯ ಭಾಗವು ಅವರ ಕೆಲಸವಾಗಿರಲಿಲ್ಲ.

ಮಳೆಗಾಲದ ಹೊಸ್ತಿಲಲ್ಲಿ ಆ ಪಂಚಾಯತಿಯ ಹಿರಿಯ ಸದಸ್ಯರೊಬ್ಬರು ಬಂದು, “ತಂಗೀ, ನಮ್ಮ ಸಾಲಿ ಪತ್ರ ಬಂದೈತೋ ಇಲ್ಲೋ, ಅಷ್ಟು ನೋಡಿ ಹೇಳು” ಎಂದರು. ಮೂರು ತಿಂಗಳ ವಹಿಯಲ್ಲಿ ‘ಶಾಲೆ’ ಎಂಬ ಪದವನ್ನು ಹುಡುಕಿದೆನು, ಸಿಗಲಿಲ್ಲ. ಪತ್ರ ಬಂದಿತ್ತು, ಆದರೆ ಶಾಲೆಯ ಹೆಸರಿನಲ್ಲಿ ಅದು ಎಲ್ಲಿಯೂ ದಾಖಲಾಗಿರಲಿಲ್ಲ. ಅವರು ಮತ್ತೆ ಪತ್ರ ಬರೆಯಬೇಕಾಯಿತು. ಆ ಮಳೆಗಾಲದ ಮೊದಲ ವಾರಗಳಲ್ಲಿ ಮಕ್ಕಳು ಸೋರುವ ಕೊಠಡಿಯಲ್ಲಿಯೇ ಕುಳಿತರು. ಪತ್ರವನ್ನು ಪೂರ್ತಿ ಓದದಿದ್ದುದು ನನ್ನ ತಪ್ಪು. ಆದರೂ ದಿನಕ್ಕೆ ಹಲವು ಹತ್ತು ಪತ್ರಗಳನ್ನು ದಾಖಲಿಸುವವರು ವಿಷಯದ ಸಾಲನ್ನೇ ನೆಚ್ಚಿಕೊಂಡಿರುತ್ತಾರೆಂಬುದನ್ನು ಬರೆಯುವವರು ನೆನಪಿಡಬೇಕು. ಆದುದರಿಂದ ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ. ಎರಡು ಬೇಡಿಕೆಗಳಿದ್ದರೆ ಎರಡು ಪತ್ರಗಳು, ಎರಡು ಸಂಖ್ಯೆಗಳು.

ಪತ್ರದ ನಮೂನೆ

ಹುನ್ನೂರ ಗ್ರಾಮ ಪಂಚಾಯತಿಯ ಹೆಸರಿನಲ್ಲಿ ಒಂದು ಮಾದರಿ ಪತ್ರವನ್ನು ಕೆಳಗೆ ನೀಡಲಾಗಿದೆ. ಹೆಸರು, ಸಂಖ್ಯೆ ಹಾಗೂ ವಿವರಗಳು ಕೇವಲ ಉದಾಹರಣೆಗಾಗಿ.

ಸಂಖ್ಯೆ: ಗ್ರಾಪಂಹು/ಕುನೀ/14/2024-25
ದಿನಾಂಕ: 05-03-2025

ಇವರಿಗೆ,
ಸಹಾಯಕ ಕಾರ್ಯಪಾಲಕ ಅಭಿಯಂತರರು,
ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಉಪವಿಭಾಗ, ಜಮಖಂಡಿ.

ಮಾನ್ಯರೇ,

ವಿಷಯ: ಹುನ್ನೂರ ಗ್ರಾಮದ 3ನೇ ವಾರ್ಡಿನಲ್ಲಿ ಕೊಳವೆ ಬಾವಿ ಬತ್ತಿರುವುದರಿಂದ ಹೊಸ ಕೊಳವೆ ಬಾವಿ ಕೊರೆಯಿಸುವ ಕುರಿತು.

ಉಲ್ಲೇಖ: ಗ್ರಾಮ ಪಂಚಾಯತಿ ಸಾಮಾನ್ಯ ಸಭೆಯ ಠರಾವು ಸಂಖ್ಯೆ 6, ದಿನಾಂಕ 25-02-2025.

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ವಾರ್ಡಿನ ಏಕೈಕ ಕೊಳವೆ ಬಾವಿಯು ದಿನಾಂಕ 10-02-2025ರಿಂದ ಬತ್ತಿದ್ದು, 60 ಕುಟುಂಬಗಳಿಗೆ ನೀರಿನ ಕೊರತೆಯಾಗಿದೆ. ಉಲ್ಲೇಖಿತ ಠರಾವಿನಂತೆ ಸ್ಥಳ ಪರಿಶೀಲಿಸಿ ಹೊಸ ಕೊಳವೆ ಬಾವಿ ಕೊರೆಯಿಸಲು ಕ್ರಮ ಕೈಗೊಳ್ಳಬೇಕೆಂದು ಕೋರಿದೆ.

ತಮ್ಮ ವಿಶ್ವಾಸಿ,
(ಸಹಿ ಮತ್ತು ಮೊಹರು)

ಲಗತ್ತು: ಠರಾವಿನ ಪ್ರತಿ.
ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲೂಕು ಪಂಚಾಯತಿ, ಜಮಖಂಡಿ ಇವರ ಮಾಹಿತಿಗಾಗಿ.

ಇದರಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ವಿಷಯದ ಸಾಲಿನಲ್ಲಿ ಸ್ಥಳ, ಸಮಸ್ಯೆ ಮತ್ತು ಕೋರಿಕೆ ಮೂರೂ ಇವೆ. ಆವಕ ವಹಿಯಲ್ಲಿ ಅದನ್ನೇ ನಕಲು ಮಾಡಿದರೂ ಪತ್ರವು ಸರಿಯಾದ ಮೇಜಿಗೆ ಹೋಗುತ್ತದೆ. ಉಲ್ಲೇಖದಲ್ಲಿ ಠರಾವಿನ ಸಂಖ್ಯೆಯಿದೆ. ಸದಸ್ಯರೊಬ್ಬರ ಮನವಿಯು ಒಬ್ಬ ವ್ಯಕ್ತಿಯ ಕೋರಿಕೆಯಾಗಿ ದಾಖಲಾದರೆ, ಠರಾವಿನೊಡನೆ ಬಂದ ಪತ್ರವು ಪಂಚಾಯತಿಯ ತೀರ್ಮಾನವಾಗಿ ದಾಖಲಾಗುತ್ತದೆ. ಲಗತ್ತು ಎಂದು ಬರೆದುದು ನಿಜವಾಗಿಯೂ ಜೊತೆಯಲ್ಲಿರಬೇಕು. ಇಲ್ಲದಿದ್ದರೆ ಕಚೇರಿಯ ಮೊದಲ ಉತ್ತರವೇ ‘ಲಗತ್ತು ಕಂಡುಬಂದಿಲ್ಲ’ ಎಂದಾಗಿ, ಅಷ್ಟು ದಿನಗಳು ವ್ಯರ್ಥವಾಗುತ್ತವೆ.

ಟಿಪ್ಪಣಿ ಹಾಳೆ

ಕಡತದಲ್ಲಿ ಎರಡು ಭಾಗಗಳಿವೆ. ಬಂದ ಪತ್ರಗಳು ಹಾಗೂ ಹೋದ ಪತ್ರಗಳ ಕಚೇರಿ ಪ್ರತಿಗಳು ಪತ್ರ ವ್ಯವಹಾರ ಭಾಗದಲ್ಲಿ ಪುಟ ಸಂಖ್ಯೆಯೊಡನೆ ಇರುತ್ತವೆ. ಟಿಪ್ಪಣಿ ಭಾಗದಲ್ಲಿ ವಿಷಯ ನಿರ್ವಾಹಕರಿಂದ ಹಿಡಿದು ಅಧಿಕಾರಿಯವರೆಗೆ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಬರೆದು ದಿನಾಂಕದೊಡನೆ ಸಹಿ ಮಾಡುತ್ತಾರೆ. ಪ್ಯಾರಾಗಳಿಗೆ ಅನುಕ್ರಮ ಸಂಖ್ಯೆಯಿರುತ್ತದೆ. ಮೇಲಿನ ಮಾದರಿ ಪತ್ರಕ್ಕೆ ಟಿಪ್ಪಣಿಯು ಈ ರೀತಿ ಇರಬಹುದು:

1. ಪುಟ 1ರ ಪತ್ರವನ್ನು ಪರಿಶೀಲಿಸಿದೆ. ಹುನ್ನೂರ ಗ್ರಾಮದ 3ನೇ ವಾರ್ಡಿಗೆ ಹೊಸ ಕೊಳವೆ ಬಾವಿ ಕೋರಲಾಗಿದೆ. ಠರಾವಿನ ಪ್ರತಿ ಪುಟ 2ರಲ್ಲಿದೆ.
2. ಸ್ಥಳ ಪರಿಶೀಲನಾ ವರದಿ ಕಡತದಲ್ಲಿ ಲಭ್ಯವಿಲ್ಲ.
3. ಸಂಬಂಧಿಸಿದ ಅಭಿಯಂತರರಿಂದ ವರದಿ ಪಡೆಯಬಹುದಾಗಿದೆ. ಕರಡು ಪತ್ರವನ್ನು ಅನುಮೋದನೆಗಾಗಿ ಮಂಡಿಸಿದೆ.

ಪತ್ರದಲ್ಲಿ ಇರುವುದೇನು, ಕಡತದಲ್ಲಿ ಇಲ್ಲದ್ದೇನು, ಮುಂದೆ ಮಾಡಬೇಕಾದುದೇನು ಎಂಬ ಕ್ರಮದಲ್ಲಿ ಟಿಪ್ಪಣಿಯು ಸಾಗುತ್ತದೆ. ಕಡತವನ್ನು ಮೊದಲ ಬಾರಿಗೆ ನೋಡುವ ಅಧಿಕಾರಿಯೂ ಅದನ್ನೊಂದೇ ಓದಿ ಆದೇಶಿಸುವಂತಿರಬೇಕು. ಕರಡು ಅನುಮೋದನೆಯಾದ ಬಳಿಕ ಶುದ್ಧ ಪ್ರತಿ ಸಿದ್ಧವಾಗಿ, ಸಹಿಯಾಗಿ, ಜಾವಕ ಸಂಖ್ಯೆ ಪಡೆದು ಹೊರಡುತ್ತದೆ. ಜಾವಕ ಸಂಖ್ಯೆ ಬೀಳುವವರೆಗೆ ‘ಪತ್ರ ಸಿದ್ಧವಾಗಿದೆ’ ಎಂಬ ಮಾತಿನಿಂದ ಪತ್ರ ಹೋದಂತಾಗುವುದಿಲ್ಲ.

ಅಧಿಕಾರಿಗಳು ಟಿಪ್ಪಣಿಯ ಕೆಳಗೆ ಬರೆಯುವ ಒಂದೆರಡು ಪದಗಳ ಅರ್ಥವನ್ನೂ ತಿಳಿದಿರಬೇಕು. ‘ಅನುಮೋದಿಸಿದೆ’ ಎಂದರೆ ಪ್ರಸ್ತಾವಕ್ಕೆ ಒಪ್ಪಿಗೆ. ‘ಚರ್ಚಿಸಿ’ ಎಂದರೆ ವಿಷಯ ನಿರ್ವಾಹಕರು ಖುದ್ದಾಗಿ ಬಂದು ವಿವರಿಸಬೇಕು. ಚರ್ಚೆ ನಡೆದು ಅದರ ಫಲಿತಾಂಶವನ್ನು ಬರೆಯುವವರೆಗೆ ಕಡತ ಮುಂದೆ ಹೋಗದು. ನಾನು ಕಂಡಂತೆ ಕಡತಗಳು ಹೆಚ್ಚು ದಿನ ನಿಂತುದು ಈ ಪದದ ಕೆಳಗೆ. ‘ಕಡತಕ್ಕೆ ಸೇರಿಸಿ’ ಎಂದರೆ ಸದ್ಯಕ್ಕೆ ಯಾವ ಕ್ರಮವೂ ಇಲ್ಲ, ಉತ್ತರವೂ ಹೋಗುವುದಿಲ್ಲ. ಪತ್ರ ಕೊಟ್ಟವರಿಗೆ ಮಾತ್ರ ಅದು ಇನ್ನೂ ಬಾಕಿಯಿದೆಯೆಂಬ ಭಾವನೆಯೇ ಉಳಿಯುತ್ತದೆ.

ವಿಚಾರಿಸುವ ಕ್ರಮ

ಉತ್ತರ ಬಾರದಿದ್ದಾಗ ‘ನಮ್ಮ ಕೆಲಸ ಎಲ್ಲಿಗೆ ಬಂತು’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವೇ ಸಿಗುತ್ತದೆ. ಅದರ ಬದಲು ಆವಕ ಸಂಖ್ಯೆ ಮತ್ತು ದಿನಾಂಕವನ್ನು ತಿಳಿಸಿ, ಪತ್ರವು ಯಾವ ವಿಷಯ ನಿರ್ವಾಹಕರ ಬಳಿಯಿದೆ, ಅದಕ್ಕೆ ತೆರೆದ ಕಡತದ ಸಂಖ್ಯೆ ಯಾವುದು ಎಂದು ಕೇಳಬೇಕು. ಕಡತ ಸಂಖ್ಯೆ ಇಲ್ಲವೆಂದಾದರೆ ಪತ್ರವು ಮೇಜಿನ ಮೇಲೆಯೇ ಉಳಿದಿರಬಹುದು, ಇಲ್ಲವೆ ಬೇರೊಂದು ಕಡತಕ್ಕೆ ಸೇರಿರಬಹುದು. ಕಡತ ಸಂಖ್ಯೆ ದೊರೆತರೆ ಕೊನೆಯ ಟಿಪ್ಪಣಿ ಯಾವ ದಿನಾಂಕದ್ದು ಎಂದು ಕೇಳಬೇಕು. ಕಡತ ಎಲ್ಲಿ ನಿಂತಿದೆಯೆಂಬುದು ಆ ದಿನಾಂಕದಿಂದಲೇ ತಿಳಿಯುತ್ತದೆ.

ನೆನಪೋಲೆ ಬರೆಯುವಾಗ ಹಿಂದಿನ ಪತ್ರದ ಸಂಖ್ಯೆ, ದಿನಾಂಕ ಹಾಗೂ ಕಚೇರಿಯ ಆವಕ ಸಂಖ್ಯೆಯನ್ನು ಉಲ್ಲೇಖದಲ್ಲಿ ನಮೂದಿಸಬೇಕು. ಉಲ್ಲೇಖವಿಲ್ಲದ ನೆನಪೋಲೆಯು ಹೊಸ ಪತ್ರವೆಂದು ದಾಖಲಾಗಿ, ಒಂದೇ ಬೇಡಿಕೆಗೆ ಎರಡು ಕಡತಗಳಾಗುವ ಸಂಭವವಿದೆ. ಆಗ ಒಂದರಲ್ಲಿ ವರದಿ, ಇನ್ನೊಂದರಲ್ಲಿ ಠರಾವು ಉಳಿದು ಎರಡೂ ಅಪೂರ್ಣವಾಗುತ್ತವೆ. ಇಷ್ಟಾದರೂ ಉತ್ತರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕೆಂದು ಅಧಿನಿಯಮವು ವಿಧಿಸಿದೆ. ಆ ಅರ್ಜಿಯಲ್ಲಿಯೂ ಕಡತ ಸಂಖ್ಯೆಯನ್ನು ಬರೆದರೆ ಹುಡುಕುವ ಕಾರಣಕ್ಕಾಗಿ ವಿಳಂಬವಾಗದು.

ತರಬೇತಿಯ ಕೊನೆಯ ವಾರದಲ್ಲಿ ಅದೇ ಹಿರಿಯ ಸದಸ್ಯರು ಮತ್ತೊಮ್ಮೆ ಬಂದರು. ಈ ಬಾರಿ ಎರಡು ಪತ್ರಗಳಿದ್ದವು. ಎರಡರ ಪ್ರತಿಗಳ ಮೇಲೂ ಮೊಹರು ಬೀಳುವವರೆಗೆ ಅವರು ಮೇಜಿನ ಮುಂದೆಯೇ ನಿಂತಿದ್ದರು. ನಾನು ಎರಡನ್ನೂ ಕೊನೆಯ ಸಾಲಿನವರೆಗೆ ಓದಿ ವಹಿಯಲ್ಲಿ ಬರೆದೆನು.