97 ಪೈಸೆಯ ಯೂನಿಟ್

ತಾರಸಿ ಸೋಲಾರ್ ಹಾಕಿಸುವವರು ಕೊಡುವ ಕೊಟೇಶನ್ನಿನ ಕೊನೆಯಲ್ಲಿ ಹೆಚ್ಚುಕಮ್ಮಿ ಇಂಥದೊಂದು ಲೆಕ್ಕ ಇರುತ್ತದೆ. ಮೂರು ಕಿಲೋವ್ಯಾಟ್ ವ್ಯವಸ್ಥೆಗೆ ₹1,80,000. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ₹78,000 ಕಳೆದರೆ ಕೈಯಿಂದ ಹೋಗುವುದು ₹1,02,000. ವರ್ಷಕ್ಕೆ 4,200 ಯೂನಿಟ್‌ನಂತೆ 25 ವರ್ಷಕ್ಕೆ 1,05,000 ಯೂನಿಟ್. ಭಾಗಿಸಿ ನೋಡಿ, ಯೂನಿಟ್ಟಿಗೆ ಬರೀ 97 ಪೈಸೆ!

ವ್ಯವಸ್ಥೆಯ ಬೆಲೆ ಊರಿಂದ ಊರಿಗೆ ಬೇರೆಯಾಗಬಹುದು. ಕಿಲೋವ್ಯಾಟಿಗೆ ವರ್ಷಕ್ಕೆ 1,400 ಯೂನಿಟ್ ಎಂಬುದು ಮಾತ್ರ ನಮ್ಮ ಬಯಲುಸೀಮೆಗೆ ಒಪ್ಪುವ ಅಂಕಿಯೇ. ಭಾಗಾಕಾರದಲ್ಲೂ ತಪ್ಪಿಲ್ಲ. ಆದರೂ ಆ 97 ಪೈಸೆಯನ್ನು ನಂಬುವಂತಿಲ್ಲ. ದಾವಣಗೆರೆಯ ಒಂದು 30x40 ಸೈಟಿನ ಮನೆಯ ಮೇಲೆ ಇದೇ ವ್ಯವಸ್ಥೆ ಕೂತಿದೆ ಎಂದಿಟ್ಟುಕೊಂಡು ಲೆಕ್ಕವನ್ನು ಇನ್ನೊಮ್ಮೆ ಮಾಡೋಣ.

ಗಿರಾಕಿಗಳು ಮೊದಲು ಕೇಳುವುದು ಪ್ಯಾನೆಲ್ ಸವೆಯುವ ವಿಷಯವನ್ನೇ. ಸವೆಯುತ್ತದೆ, ನಿಜ. ಈಗ ಬರುವ ಮೋನೊ ಪರ್ಕ್ ಪ್ಯಾನೆಲ್‌ಗಳ ವಾರಂಟಿ ಪತ್ರದಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಶೇ 2, ಆಮೇಲೆ ವರ್ಷಕ್ಕೆ ಶೇ 0.55ಕ್ಕಿಂತ ಹೆಚ್ಚು ಇಳಿಯುವುದಿಲ್ಲ ಎಂದಿರುತ್ತದೆ. 25ನೇ ವರ್ಷದ ಕೊನೆಗೆ ಶೇ 84.8 ಉಳಿಯಬೇಕು. ಮೊದಲ ವರ್ಷವೇ ಹೆಚ್ಚು ಏಕೆಂದರೆ, ಬೋರಾನ್ ಬೆರೆತ ಸಿಲಿಕಾನ್ ಬಿಸಿಲಿಗೆ ಬಿದ್ದ ಹೊಸತರಲ್ಲೇ ಒಳಗಿನ ಬೋರಾನೂ ಆಮ್ಲಜನಕವೂ ಜೊತೆಗೂಡಿ ವಿದ್ಯುತ್ತಿನ ಒಂದು ಪಾಲನ್ನು ತಿಂದುಬಿಡುತ್ತವೆ. ಹೊಸ ಟಾಪ್‌ಕಾನ್ ಪ್ಯಾನೆಲ್‌ಗಳಲ್ಲಿ ಬೋರಾನಿನ ಬದಲು ರಂಜಕ ಬೆರೆಸಿರುತ್ತಾರೆ. ಅವುಗಳ ವಾರಂಟಿಯಲ್ಲಿ ಮೊದಲ ವರ್ಷದ ಇಳಿತ ಶೇ 1 ಮಾತ್ರ.

ಆಮೇಲಿನ ಸವೆತಕ್ಕೆ ಸಿಲಿಕಾನನ್ನು ದೂರಿ ಪ್ರಯೋಜನವಿಲ್ಲ. ಬಹುಪಾಲು ತೊಂದರೆ ಅದನ್ನು ಹಿಡಿದಿಟ್ಟ ಸಾಮಗ್ರಿಗಳದು. ಗಾಜಿಗೂ ಸಿಲಿಕಾನ್ ಬಿಲ್ಲೆಗೂ ನಡುವಿನ ಪಾರದರ್ಶಕ ಪ್ಲಾಸ್ಟಿಕ್ ಪದರ ಬಿಸಿಲಿಗೆ ಹಳದಿಯಾಗುತ್ತದೆ. ಹಿಂಬದಿಯ ಹಾಳೆ ಬಿರುಕು ಬಿಟ್ಟರೆ ತೇವ ಒಳಗಿಳಿದು ಲೋಹದ ಗೆರೆಗಳನ್ನು ತಿನ್ನುತ್ತದೆ. ದಿನಾ ಕಾದು ದಿನಾ ಆರುವ ಬೆಸುಗೆಗಳು ಸಡಿಲವಾಗುತ್ತವೆ. ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ 1982ರಲ್ಲಿ ಗ್ರಿಡ್ಡಿಗೆ ಜೋಡಿಸಿದ 10 ಕಿಲೋವ್ಯಾಟಿನ ಸ್ಥಾವರವೊಂದಿದೆ. ಅದರ ಪ್ಯಾನೆಲ್‌ಗಳನ್ನು 35 ವರ್ಷಗಳ ನಂತರ ಅಳೆದಾಗ ಅರ್ಧಕ್ಕಿಂತ ಹೆಚ್ಚಿನವು ಇನ್ನೂ ಶೇ 80ರ ಮೇಲಿದ್ದವು. ಒಂದೇ ಕಂಪನಿಯ, ಒಂದೇ ಕಾಲದ ಪ್ಯಾನೆಲ್‌ಗಳಲ್ಲಿ ಕೆಲವು ಗಟ್ಟಿಯಾಗಿದ್ದು ಕೆಲವು ಸೊರಗಲು ಒಳಗಿನ ಪ್ಲಾಸ್ಟಿಕ್ ಪದರದಲ್ಲಿದ್ದ ವ್ಯತ್ಯಾಸವೇ ಮುಖ್ಯ ಕಾರಣವೆಂದು ತಿಳಿದುಬಂತು.

ಲುಗಾನೊ ತಂಪಿನ ಊರು. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯವರು 2013ರಿಂದ ಕೆಲವು ಸುತ್ತು ದೇಶಾದ್ಯಂತ ಪ್ಯಾನೆಲ್ ಅಳೆದಿದ್ದಾರೆ. ಬಿಸಿ ಹೆಚ್ಚಿದ್ದಲ್ಲಿ ಸವೆತ ಹೆಚ್ಚು, ಬಯಲಿನ ದೊಡ್ಡ ಸ್ಥಾವರಗಳಿಗಿಂತ ತಾರಸಿಯ ಚಿಕ್ಕ ವ್ಯವಸ್ಥೆಗಳಲ್ಲಿ ಇನ್ನೂ ಹೆಚ್ಚು ಎಂಬುದು ಅವರಿಗೆ ಕಂಡದ್ದು. ತಾರಸಿ ಕೆಲಸ ನೋಡಿದವರಿಗೆ ಇದು ಅಚ್ಚರಿಯಲ್ಲ. ಪ್ಯಾನೆಲ್ಲನ್ನು ತಲೆ ಮೇಲೆ ಹೊತ್ತು ಕಿರಿದಾದ ಮೆಟ್ಟಿಲು ಹತ್ತುತ್ತಾರೆ, ಬೋಲ್ಟ್ ಬಿಗಿಯುವಾಗ ಹುಡುಗರು ಅದರ ಮೇಲೇ ಮಂಡಿಯೂರುತ್ತಾರೆ. ಗಾಜು ಒಡೆಯುವುದಿಲ್ಲ, ಒಳಗಿನ ಬಿಲ್ಲೆಯಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ, ನಾಲ್ಕೈದು ವರ್ಷ ಕಳೆದ ಮೇಲೆ ಅದು ಯೂನಿಟ್ಟಿನಲ್ಲಿ ಕಾಣುತ್ತದೆ. ಶೀಟಿಗೆ ಅಂಟಿದಂತೆ, ಕೆಳಗೆ ಗಾಳಿಯಾಡದಂತೆ ಕೂರಿಸಿದ ಪ್ಯಾನೆಲ್ ಇನ್ನಷ್ಟು ಕಾಯುತ್ತದೆ.

ದಾವಣಗೆರೆಯ ಮನೆಗೆ ವರ್ಷಕ್ಕೆ ಶೇ 0.7 ಇಳಿತ ಹಿಡಿಯೋಣ. 25ನೇ ವರ್ಷದಲ್ಲಿ ಪ್ಯಾನೆಲ್ ಸುಮಾರು ಶೇ 15 ಕಡಿಮೆ ಕೊಡುತ್ತಿರುತ್ತದೆ. ಆದರೆ ಎಲ್ಲ ವರ್ಷ ಸೇರಿಸಿದರೆ ಬರುವುದು ಸುಮಾರು 96,600 ಯೂನಿಟ್, ಅಂದರೆ ಒಟ್ಟಾರೆ ನಷ್ಟ ಶೇ 8 ಮಾತ್ರ. ಆರಂಭದ ವರ್ಷಗಳಲ್ಲಿ ಇಳಿತ ಅತ್ಯಲ್ಪ ಇರುವುದರಿಂದ ಹೀಗಾಗುತ್ತದೆ. ಇಷ್ಟಕ್ಕೇ ನಿಂತರೆ 97 ಪೈಸೆ ₹1.06 ಆಗುತ್ತದೆ.

ಕೊಟೇಶನ್ನಿನಲ್ಲಿ ಬಿಟ್ಟುಹೋದ ದೊಡ್ಡ ವೆಚ್ಚಗಳು ಬೇರೆಯೇ ಇವೆ. ಇನ್ವರ್ಟರ್ 25 ವರ್ಷ ಬಾಳುವ ವಸ್ತುವಲ್ಲ. ಹತ್ತು-ಹನ್ನೆರಡು ವರ್ಷಕ್ಕೆ ಒಮ್ಮೆ ಬದಲಾಯಿಸಬೇಕಾಗುತ್ತದೆ. ಹನ್ನೆರಡನೇ ವರ್ಷಕ್ಕೆ ₹30,000 ಇಡೋಣ. ತೊಳೆಯುವುದು, ತಂತಿ, ಫ್ಯೂಸು, ಅರ್ಥಿಂಗ್ ಅಂತ ವರ್ಷಕ್ಕೆ ₹2,000. ಇವನ್ನೂ ಕೂಡಿದರೆ ಒಟ್ಟು ವೆಚ್ಚ ₹1,82,000, ಯೂನಿಟ್ಟಿಗೆ ₹1.88.

ಇನ್ನು ಬಡ್ಡಿ. ಇಂದು ಕೊಡುವ ಲಕ್ಷ ರೂಪಾಯಿ ಒಂದೇ ಸಲಕ್ಕೆ ಹೋಗುತ್ತದೆ, ಯೂನಿಟ್ಟುಗಳು 25 ವರ್ಷ ತೊಟ್ಟಿಕ್ಕುತ್ತಾ ಬರುತ್ತವೆ. ಆ ದುಡ್ಡು ಠೇವಣಿಯಲ್ಲಿದ್ದಿದ್ದರೆ ಬೆಳೆಯುತ್ತಿತ್ತು. ಸಾಲ ತಂದಿದ್ದರೆ ಬಡ್ಡಿ ಕಟ್ಟುತ್ತೀರಿ. ಹಾಗಾಗಿ ವಿದ್ಯುತ್ ವಲಯದವರು ಎಲ್‌ಸಿಒಇ ಎಂಬ ಲೆಕ್ಕ ಹಾಕುತ್ತಾರೆ. ಮುಂದೆ ಆಗುವ ಪ್ರತಿ ಖರ್ಚನ್ನೂ ಮುಂದೆ ಬರುವ ಪ್ರತಿ ಯೂನಿಟ್ಟನ್ನೂ ಬಡ್ಡಿ ದರದಿಂದ ಇಳಿಸಿ ಇಂದಿನ ಮೌಲ್ಯಕ್ಕೆ ತರುತ್ತಾರೆ, ಆಮೇಲೆ ಒಂದನ್ನು ಇನ್ನೊಂದರಿಂದ ಭಾಗಿಸುತ್ತಾರೆ. ಶೇ 8ರ ಬಡ್ಡಿಯಲ್ಲಿ 25 ವರ್ಷ ಕಳೆದು ಸಿಗುವ ಒಂದು ರೂಪಾಯಿ ಇಂದಿನ 15 ಪೈಸೆಗಿಂತ ಹೆಚ್ಚಲ್ಲ. ಅಷ್ಟು ವರ್ಷದ ಆಚೆಗಿನ ಒಂದು ಯೂನಿಟ್ಟಿನ ತೂಕವೂ ಇಂದಿನ ಯೂನಿಟ್ಟಿನ ಶೇ 15ರಷ್ಟೇ.

ನಮ್ಮ ಮನೆಯ ಲೆಕ್ಕ ಈಗ ಹೀಗಾಗುತ್ತದೆ. ವೆಚ್ಚಗಳ ಇಂದಿನ ಮೌಲ್ಯ ಸುಮಾರು ₹1,35,000, ಯೂನಿಟ್ಟುಗಳದು ಸುಮಾರು 42,400. ಯೂನಿಟ್ಟಿಗೆ ₹3.19. ಕೊಟೇಶನ್ನಿನ 97 ಪೈಸೆಯ ಮೂರು ಪಟ್ಟಿಗೂ ಮೇಲೆ. ಸಬ್ಸಿಡಿ ಇಲ್ಲದಿದ್ದರೆ ಇದೇ ವ್ಯವಸ್ಥೆಯ ಯೂನಿಟ್ ₹5ರ ಆಸುಪಾಸಿಗೆ ಬರುತ್ತಿತ್ತು.

ಈಗ ಸವೆತದ ಪ್ರಶ್ನೆಗೆ ಮತ್ತೆ ಬರೋಣ. ಪ್ಯಾನೆಲ್ ಒಂಚೂರೂ ಸವೆಯದಿದ್ದರೆ ಯೂನಿಟ್ಟಿಗೆ ₹3.02 ಬೀಳುತ್ತಿತ್ತು. ಕೆಟ್ಟ ಕೆಲಸ, ಕೆಟ್ಟ ಬಿಸಿಯಿಂದ ವರ್ಷಕ್ಕೆ ಶೇ 1.5ರಂತೆ ಸವೆದರೆ ₹3.40. ಸವೆತ ಎರಡು ಪಟ್ಟು ಮೀರಿದರೂ ಬೆಲೆ ಏರಿದ್ದು 21 ಪೈಸೆ! ಕಾರಣ ಸ್ಪಷ್ಟವಿದೆ. ಈ ಲೆಕ್ಕದಲ್ಲಿ ಮೊದಲ ಹತ್ತು ವರ್ಷದ ಯೂನಿಟ್ಟುಗಳೇ ಒಟ್ಟು ಮೌಲ್ಯದ ಸುಮಾರು ಶೇ 65ರಷ್ಟಾಗುತ್ತವೆ, ಸವೆತ ಜೋರಾಗುವುದು ಅದರ ನಂತರ.

ಅದೇ ಪ್ಯಾನೆಲ್‌ಗಳನ್ನು ತೊಳೆಯದೆ ಬಿಟ್ಟು ಮೊದಲ ದಿನದಿಂದಲೇ ಶೇ 10 ಕಳೆದುಕೊಂಡರೆ? ₹3.55. ನೀರಿನ ಟ್ಯಾಂಕಿನ ನೆರಳು ಬಿದ್ದು ಶೇ 20 ಹೋದರೆ ₹3.99. ವಾರಂಟಿ ಪತ್ರದಲ್ಲಿ ಶೇ 0.55 ಇದೆಯೋ 0.4 ಇದೆಯೋ ಎಂದು ಚೌಕಾಸಿ ಮಾಡುವವರು ಸಿಂಟೆಕ್ಸ್ ಟ್ಯಾಂಕನ್ನು ನಾಲ್ಕಡಿ ಸರಿಸುವ ಮಾತೇ ಎತ್ತುವುದಿಲ್ಲ. ನನ್ನ ಮಟ್ಟಿಗೆ ಈ ವ್ಯವಹಾರದ ದೊಡ್ಡ ತಮಾಷೆ ಇದು.

ಧೂಳಿನ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಇಳಿಜಾರು ಕಡಿಮೆ ಇರುವ ಪ್ಯಾನೆಲ್ಲಿನ ಮೇಲೆ ಸಣ್ಣ ಮಳೆ ಬಿದ್ದರೆ ಧೂಳು ತೊಳೆದುಹೋಗುವುದಿಲ್ಲ, ಕೆಳಗೆ ಜಾರಿ ಅಲ್ಯೂಮಿನಿಯಂ ಚೌಕಟ್ಟಿನ ಅಂಚಿಗೆ ತಡೆದು ಕೆಸರಿನ ಪಟ್ಟಿಯಾಗಿ ಒಣಗುತ್ತದೆ. ದೂರದಿಂದ ಪ್ಯಾನೆಲ್ ಥಳಥಳ ಅನ್ನುತ್ತಿರುತ್ತದೆ. ಬಿಲ್ಲೆಗಳು ಸಾಲಾಗಿ ಒಂದಕ್ಕೊಂದು ಜೋಡಿಸಿದವಾದ್ದರಿಂದ ಆ ಬೆರಳಗಲದ ಕೆಸರು ಕೊನೆಯ ಸಾಲನ್ನು ಮುಚ್ಚಿದರೆ ಹೊಡೆತ ಅದರ ಅಗಲಕ್ಕಿಂತ ಎಷ್ಟೋ ಹೆಚ್ಚು. ಬೋರ್‌ವೆಲ್ಲಿನ ಗಡಸು ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ, ಆಮೇಲೆ ಅದನ್ನು ತೆಗೆಯುವುದೇ ಕಷ್ಟ. ಬೆಳಗ್ಗೆ ಬಿಸಿಲೇರುವ ಮುಂಚೆ ತೊಳೆದು ವೈಪರಿನಲ್ಲಿ ನೀರೆಳೆದುಬಿಡಬೇಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬಾರದು.

ಸವೆತ ನಿಜಕ್ಕೂ ಮಿತಿ ಮೀರಿದೆಯೇ ಎಂದು ತಿಳಿಯುವುದು ಅಂದುಕೊಂಡಷ್ಟು ಸುಲಭವಲ್ಲ. ಒಂದು ವರ್ಷದ ಬಿಸಿಲಿಗೂ ಇನ್ನೊಂದು ವರ್ಷದ ಬಿಸಿಲಿಗೂ ಕೆಲವು ಶೇಕಡಾ ವ್ಯತ್ಯಾಸ ಇದ್ದೇ ಇರುತ್ತದೆ, ಶೇ 0.7ರ ಇಳಿತ ಅದರೊಳಗೆ ಅಡಗಿಹೋಗುತ್ತದೆ. ಬೇಸಿಗೆಯ ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ದಾಟಿ ಶೇ 12ರಷ್ಟು ಕಡಿಮೆ ಕೊಟ್ಟರೂ ಅದು ಸವೆತವಲ್ಲ, ತಂಪಾದರೆ ಮರಳಿ ಬರುತ್ತದೆ. ಇನ್ವರ್ಟರಿನ ಆ್ಯಪ್‌ನಲ್ಲಿ ಫೆಬ್ರುವರಿಯನ್ನು ಹಿಂದಿನ ಫೆಬ್ರುವರಿಗಳ ಜೊತೆ ಇಟ್ಟು ನೋಡಿ. ಮೋಡದ ಕಾಟವಿಲ್ಲದ ತಿಂಗಳದು. ಪ್ಯಾನೆಲ್ ತೊಳೆದ ಮೇಲೂ ನಾಲ್ಕೈದು ವರ್ಷ ಒಂದೇ ಸಮ ಇಳಿಯುತ್ತಾ ಬಂದಿದ್ದರೆ, ಪಕ್ಕದ ಬೀದಿಯ ಅಂಥದೇ ವ್ಯವಸ್ಥೆಯಲ್ಲಿ ಹಾಗಾಗಿಲ್ಲದಿದ್ದರೆ, ಆಗ ಅನುಮಾನಪಡಬಹುದು. ಇದ್ದಕ್ಕಿದ್ದಂತೆ ಕುಸಿದರೆ ಅದು ಸವೆತವೇ ಅಲ್ಲ. ಪ್ಯಾನೆಲ್ಲಿನ ಹಿಂದಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಡಯೋಡ್‌ಗಳಿರುತ್ತವೆ. ಒಂದು ಸುಟ್ಟು ಶಾರ್ಟ್ ಆದರೆ ಆ ಪ್ಯಾನೆಲ್ಲಿನ ಮೂರನೇ ಒಂದು ಭಾಗ ಸತ್ತಂತೆ. ಥರ್ಮಲ್ ಕ್ಯಾಮೆರಾ ತಂದವರಿಗೆ ಅದು ತಕ್ಷಣ ಸಿಗುತ್ತದೆ.

ವಾರಂಟಿ ಕೇಳಿ ಗೆಲ್ಲುವುದು ಬೇರೆಯದೇ ಪಾಡು. ಆ್ಯಪ್‌ನ ಚಿತ್ರ ತೋರಿಸಿದರೆ ಕಂಪನಿ ಒಪ್ಪುವುದಿಲ್ಲ. ಪ್ಯಾನೆಲ್ಲನ್ನು ಪ್ರಯೋಗಾಲಯದಲ್ಲಿ ಅಳೆಸಬೇಕು, ಅಳತೆಯಲ್ಲೇ ಶೇ 3ರಷ್ಟು ಹಿಂದುಮುಂದಾಗಲು ಅವಕಾಶವಿರುತ್ತದೆ. ಐದಾರು ಪ್ಯಾನೆಲ್ ಇರುವ ಮನೆಯವರಿಗೆ ಸಾಗಣೆ ಖರ್ಚೂ ಓಡಾಟವೂ ಸೇರಿದರೆ ಗಿಟ್ಟುವುದಿಲ್ಲ. ಹಾಕಿದ ದಿನವೇ ಪ್ರತಿ ಪ್ಯಾನೆಲ್ಲಿನ ಸೀರಿಯಲ್ ನಂಬರನ್ನು ಫೋಟೋ ತೆಗೆದಿಟ್ಟುಕೊಂಡಿದ್ದರೆ ಮಾತಾಡಲು ಕನಿಷ್ಠ ಒಂದು ಆಧಾರವಾದರೂ ಇರುತ್ತದೆ.

ಕೊನೆಗೆ, ಆ ₹3.19 ಲಾಭವೋ ನಷ್ಟವೋ ಎಂಬುದು ಯಾವ ಯೂನಿಟ್ಟಿನ ಬದಲು ಅದು ಬರುತ್ತದೆ ಎಂಬುದರ ಮೇಲೆ ನಿಂತಿದೆ. 2025-26ರಲ್ಲಿ ಕರ್ನಾಟಕದ ಮನೆಗಳಿಗೆ ಯೂನಿಟ್ಟಿಗೆ ₹5.80, ಸರ್‌ಚಾರ್ಜೂ ತೆರಿಗೆಯೂ ಸೇರಿ ಆರೂವರೆ ರೂಪಾಯಿ ಆಸುಪಾಸು. ತಿಂಗಳಿಗೆ 350 ಯೂನಿಟ್ ಉರಿಸುವ ಮನೆಗೆ ಸೋಲಾರ್ ಯೂನಿಟ್ ಅರ್ಧ ಬೆಲೆಗೆ ಸಿಕ್ಕಂತಾಯಿತು. ಉಳಿಸಿ ಗ್ರಿಡ್ಡಿಗೆ ಕೊಡುವ ಯೂನಿಟ್ಟಿಗೆ ಎಸ್ಕಾಂ ಕೊಡುವ ದರ ಇದಕ್ಕಿಂತ ಬಹಳ ಕಡಿಮೆ, ಆದ್ದರಿಂದ ತಿಂಗಳಿಗೆ 230 ಯೂನಿಟ್ ಸಾಕಾಗುವವರಿಗೆ ₹60,000 ಸಬ್ಸಿಡಿಯ ಎರಡು ಕಿಲೋವ್ಯಾಟ್ ಸಾಕು, ಮೂರು ಬೇಡ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಯ ಲೆಕ್ಕ ಪೂರ್ತಿ ಬೇರೆ. ಉಳಿಸಲು ಅಲ್ಲಿ ಬಿಲ್ಲೇ ಇಲ್ಲ. ಯೋಜನೆ ಇರುವಷ್ಟು ದಿನ ಅವರಿಗೆ 97 ಪೈಸೆಯ ಯೂನಿಟ್ಟೂ ದುಬಾರಿಯೇ.